ಮಸ್ಕತ್ತಿನ ಮಗನೋ, ಮೋಸದ ನಂಬರೋ? ವಿದೇಶಿ ಮಿಸ್ಡ್ ಕಾಲ್‌ಗೆ ವಾಪಸ್ ಮಾಡುವ ಮುಂಚೆ

ಗೊತ್ತಿಲ್ಲದ ವಿದೇಶಿ ನಂಬರಿನಿಂದ ಮಿಸ್ಡ್ ಕಾಲ್ ಬಂದರೆ ವಾಪಸ್ ಮಾಡಲೇಬೇಡಿ ಅಂತ ಒಂದು ಎಚ್ಚರಿಕೆ ವಾಟ್ಸಾಪ್‌ನಲ್ಲಿ ಆಗಾಗ ಬರುತ್ತಿರುತ್ತದೆ. ಮಾತು ಸರಿಯೇ. ಆದರೆ ನಮ್ಮ ಉತ್ತರ ಕನ್ನಡಕ್ಕೆ ಅಷ್ಟೇ ಸಾಲುವುದಿಲ್ಲ. ಭಟ್ಕಳ, ಮುರ್ಡೇಶ್ವರದ ಕಡೆ ಎಷ್ಟೋ ಮನೆಯವರು ಗಲ್ಫಿನಲ್ಲಿದ್ದಾರೆ. ಶಿರಸಿ ಕಡೆಯ ತೋಟದ ಮನೆಗಳ ಮಕ್ಕಳು ಅಮೆರಿಕದಲ್ಲಿದ್ದಾರೆ, ಕಾರವಾರ, ಅಂಕೋಲಾದ ಹುಡುಗರು ಹಡಗಿನ ಕೆಲಸಕ್ಕೆ ಹೋಗುತ್ತಾರೆ. ಇಲ್ಲಿ ವಿದೇಶಿ ಮಿಸ್ಡ್ ಕಾಲ್ ಅಂದರೆ ಮನೆಯವರದ್ದೇ ಆಗಿರಬಹುದು. ಹಾಗಾಗಿ ಬೇಡ ಅಂದರೆ ಯಾರೂ ಕೇಳುವುದಿಲ್ಲ, ಯಾವುದು ಬೇಡ ಅಂತ ಗೊತ್ತಾಗಬೇಕು.

ಮೊದಲು ದುಡ್ಡು ಹೇಗೆ ಹೋಗುತ್ತದೆ ಅಂತ ನೋಡೋಣ. ನೀವು ಬೇರೆ ದೇಶಕ್ಕೆ ಕರೆ ಮಾಡಿದಾಗ ನಿಮ್ಮಿಂದ ತೆಗೆದುಕೊಂಡ ದುಡ್ಡಿನಲ್ಲಿ ಒಂದು ಪಾಲನ್ನು ನಮ್ಮ ಮೊಬೈಲ್ ಕಂಪನಿ, ಕರೆ ಹೋಗಿ ಮುಟ್ಟುವ ಆ ಕಡೆಯ ಕಂಪನಿಗೆ ಕೊಡಬೇಕು. ಇದು ಮಾಮೂಲಿ ವ್ಯವಹಾರ. ಕೆಲವು ಸಣ್ಣ ದೇಶಗಳ ಕೆಲವು ನಂಬರುಗಳಿಗೆ ಈ ಪಾಲು ತುಂಬಾ ಜಾಸ್ತಿ. ಮೋಸಗಾರ ಅಂಥ ನಂಬರುಗಳನ್ನು ಬಾಡಿಗೆಗೆ ಹಿಡಿಯುತ್ತಾನೆ, ಅವುಗಳಿಗೆ ಬಂದ ಪ್ರತಿ ನಿಮಿಷಕ್ಕೂ ತನಗಿಷ್ಟು ಅಂತ ಮಾತಾಡಿಕೊಂಡಿರುತ್ತಾನೆ. ಆಮೇಲೆ ಕಂಪ್ಯೂಟರ್ ಹಚ್ಚಿ ಸಾವಿರಗಟ್ಟಲೆ ಮೊಬೈಲಿಗೆ ಒಂದೊಂದು ರಿಂಗ್ ಕೊಟ್ಟು ಕಟ್ ಮಾಡಿಸುತ್ತಾನೆ. ನೀವು ಎತ್ತುವಷ್ಟು ಹೊತ್ತು ರಿಂಗ್ ಮಾಡುವುದೇ ಇಲ್ಲ, ಯಾಕಂದರೆ ಎತ್ತಿದರೆ ಖರ್ಚು ಅವನದ್ದು. ಎತ್ತದ ಕರೆಗೆ ಬಿಲ್ ಇಲ್ಲ. ನೀವು ವಾಪಸ್ ಮಾಡಿದರೆ ಖರ್ಚು ನಿಮ್ಮದು, ಪಾಲು ಅವನದ್ದು. ಜಗತ್ತಿನಲ್ಲೆಲ್ಲಾ ಇದಕ್ಕೆ ವಾಂಗಿರಿ ಅನ್ನುತ್ತಾರೆ, ಶುರುವಾದದ್ದು ಜಪಾನಿನಲ್ಲಿ.

ಇದರಲ್ಲಿ ನಮಗೆ ಅನುಕೂಲವಾದ ಒಂದು ವಿಷಯ ಇದೆ, ಅದನ್ನು ಯಾರೂ ಹೇಳುವುದಿಲ್ಲ. ಬೇರೆ ಮೋಸಗಳಲ್ಲಿ ಕಳ್ಳ ತನ್ನ ನಂಬರನ್ನು ಮುಚ್ಚಿಟ್ಟು ಬ್ಯಾಂಕಿನ ನಂಬರೋ ಪೊಲೀಸರ ನಂಬರೋ ಕಾಣಿಸುವ ಹಾಗೆ ಮಾಡಬಹುದು. ಇಲ್ಲಿ ಹಾಗೆ ಮಾಡಿದರೆ ಅವನಿಗೇ ನಷ್ಟ. ನೀವು ಅವನು ಹಿಡಿದಿರುವ ನಂಬರಿಗೇ ತಿರುಗಿ ಮಾಡಿದರೆ ಮಾತ್ರ ಅವನಿಗೆ ದುಡ್ಡು. ಹಾಗಾಗಿ ಪರದೆಯ ಮೇಲೆ ಕಾಣುವ ನಂಬರು ಅವನದ್ದೇ. ನಂಬರನ್ನು ಸರಿಯಾಗಿ ಓದಲು ಬಂದರೆ ಅರ್ಧ ಕೆಲಸ ಮುಗಿಯಿತು.

ಮೊದಲು: + ಆದ ಮೇಲಿನ ಅಂಕೆಗಳನ್ನು ಓದಿ

ನಮ್ಮ ದೇಶದ್ದು +91. ಅದಲ್ಲದೆ ಬೇರೆ ಏನಿದ್ದರೂ, ಅಥವಾ ನಂಬರು 00 ಇಂದ ಶುರುವಾದರೂ, ಅದು ಹೊರದೇಶದ್ದು. ಗಲ್ಫಿನ ಕೋಡುಗಳು ಒಂದಕ್ಕೊಂದು ಹತ್ತಿರ ಇರುವುದರಿಂದ ಕಣ್ಣು ತಪ್ಪುತ್ತದೆ. ಯುಎಇ +971, ಸೌದಿ +966, ಒಮಾನ್ +968, ಕುವೈತ್ +965, ಕತಾರ್ +974, ಬಹರೈನ್ +973. ಇವುಗಳ ಮಧ್ಯೆಯೇ +960 ಅಂದರೆ ಮಾಲ್ಡೀವ್ಸ್, +967 ಅಂದರೆ ಯೆಮನ್. ಒಂದೇ ಅಂಕೆ ವ್ಯತ್ಯಾಸ. ಕೋಡು ಸರಿ ಇದ್ದರೂ ಮುಂದಿನ ಅಂಕೆ ನೋಡಿ. ಯುಎಇ ಮತ್ತು ಸೌದಿಯ ಮೊಬೈಲ್ ನಂಬರುಗಳು ಕೋಡಿನ ನಂತರ 5ರಿಂದ ಶುರುವಾಗುತ್ತವೆ. ಒಮಾನಿನ ಮೊಬೈಲ್ 7 ಅಥವಾ 9ರಿಂದ ಶುರುವಾಗುತ್ತದೆ, ಒಟ್ಟು 8 ಅಂಕೆ.

ಅಮೆರಿಕದ ವಿಷಯ ಇನ್ನೂ ಸೂಕ್ಷ್ಮ. +1 ಕಂಡ ಕೂಡಲೇ ಶಿರಸಿಯ ಅಜ್ಜಿ ಮೊಮ್ಮಗನೇ ಅಂದುಕೊಳ್ಳುತ್ತಾರೆ. ಆದರೆ +1 ಅಮೆರಿಕದ್ದೊಂದೇ ಅಲ್ಲ. ಕೆನಡಾ, ಎಷ್ಟೋ ಕೆರಿಬಿಯನ್ ದ್ವೀಪಗಳು ಅದರಲ್ಲೇ ಬರುತ್ತವೆ. +1 473 ಅಂದರೆ ಗ್ರೆನೆಡಾ, +1 876 ಜಮೈಕಾ, +1 809 ಡೊಮಿನಿಕನ್ ರಿಪಬ್ಲಿಕ್. ನೋಡಲು ಥೇಟ್ ಅಮೆರಿಕದ ನಂಬರೇ, 10 ಅಂಕೆ. ದರ ಮಾತ್ರ ಬೇರೆ. ಹಾಗಾಗಿ ಮೊಮ್ಮಗನ ನಂಬರಿನಲ್ಲಿ +1 ಆದ ಮೇಲಿನ ಮೂರು ಅಂಕೆ ಯಾವುದು ಅಂತ ಫೋನಿನ ಪಕ್ಕ ಒಂದು ಚೀಟಿಯಲ್ಲಿ ಬರೆದಿಡಿ.

ಇನ್ನೊಂದು ತಮಾಷೆ. ಕಾರವಾರದ ಎಸ್‌ಟಿಡಿ ಕೋಡು 08382, ಶಿರಸಿಯದ್ದು 08384. ಪರದೆಯ ಮೇಲೆ +383 ಅಂತ ಕಂಡರೆ ನಮ್ಮ ಜಿಲ್ಲೆಯ ಯಾವುದೋ ಆಫೀಸಿನ ಲ್ಯಾಂಡ್‌ಲೈನ್ ಅಂತ ಅನಿಸೀತು. ಅದು ಕೊಸೊವೊ. ನಮ್ಮ ಲ್ಯಾಂಡ್‌ಲೈನ್ ಆದರೆ ಮುಂದೆ 0 ಅಥವಾ +91 ಇರಲೇಬೇಕು.

ಹಡಗಿನಲ್ಲಿರುವವರ ಮನೆಗೆ ಒಂದು ಮಾತು. +870 ಮತ್ತು +881 ಯಾವ ದೇಶದ್ದೂ ಅಲ್ಲ, ಉಪಗ್ರಹ ಫೋನುಗಳದ್ದು. ಅಲ್ಲಿಂದ ಬಂದ ಕರೆ ನಿಜವಾಗಿ ನಿಮ್ಮ ಮನೆಯವರದ್ದೇ ಇದ್ದರೂ ವಾಪಸ್ ಮಾಡಿದರೆ ಬಿಲ್ ನೋಡಿ ತಲೆ ತಿರುಗುತ್ತದೆ. ಅವರೇ ಮತ್ತೆ ಮಾಡಲಿ ಬಿಡಿ.

ಆಮೇಲೆ: ಬೇರೆ ದಾರಿಯಲ್ಲಿ ಕೇಳಿ

ನಂಬರು ನೋಡಿಯೂ ಅನುಮಾನ ಹೋಗದಿದ್ದರೆ, ಮಗನ ಹಳೇ ನಂಬರಿಗೆ 'ಕಾಲ್ ಮಾಡಿದ್ಯಾ?' ಅಂತ ಒಂದು ಮೆಸೇಜ್ ಹಾಕಿ. ಯುಎಇಯಂಥ ಕಡೆ ವಾಟ್ಸಾಪ್ ಕರೆಗೆ ತಡೆ ಇದೆ, ಆದರೆ ಮೆಸೇಜ್ ಹೋಗುತ್ತದೆ. ಅವನಿಗೆ ನಿಜವಾಗಿ ತುರ್ತು ಇದ್ದರೆ ಒಂದೇ ರಿಂಗಿಗೆ ಸುಮ್ಮನಾಗುವುದಿಲ್ಲ, ಮತ್ತೆ ಮಾಡುತ್ತಾನೆ. ಒಳಬರುವ ಕರೆ ಎತ್ತಲು ಹೆದರಬೇಡಿ. ನೀವು ಊರಲ್ಲೇ ಇದ್ದರೆ ಎತ್ತಿದ್ದಕ್ಕೆ ದುಡ್ಡು ಹೋಗುವುದಿಲ್ಲ. ಹಾಗೆಯೇ ವಿದೇಶಿ ನಂಬರಿನಿಂದ ವಾಟ್ಸಾಪ್‌ನಲ್ಲೇ ಮಿಸ್ಡ್ ಕಾಲ್ ಬಂದು, ವಾಟ್ಸಾಪ್‌ನಲ್ಲೇ ವಾಪಸ್ ಮಾಡಿದರೆ ಈ ಥರ ಬಿಲ್ ಬರುವುದಿಲ್ಲ. ಅಲ್ಲಿ ಕೆಲಸ ಕೊಡಿಸುತ್ತೇವೆ, ಹಣ ಹಾಕಿ ಅನ್ನುವವರ ಕಾಟ, ಅದು ಬೇರೆ ಕಥೆ.

ವಾಪಸ್ ಮಾಡಿಬಿಟ್ಟರೆ: ಕಿವಿಯನ್ನಲ್ಲ, ಗಡಿಯಾರವನ್ನು ನಂಬಿ

ಒಂದು ಉದಾಹರಣೆ ತೆಗೆದುಕೊಳ್ಳೋಣ. ಹೊನ್ನಾವರದ ಕಡೆಯ ಒಬ್ಬ ಅಮ್ಮ, ಮಗ ಮಸ್ಕತ್ತಿನಲ್ಲಿ, ಫೋನು ಪೋಸ್ಟ್‌ಪೇಯ್ಡ್. ಬೆಳಿಗ್ಗೆ ಎದ್ದಾಗ +960ರಿಂದ ಮಿಸ್ಡ್ ಕಾಲ್ ಬಂದಿದೆ. +968 ಅಂತಲೇ ಓದಿಕೊಂಡು ವಾಪಸ್ ಮಾಡುತ್ತಾರೆ. ಟ್ರಿಣ್ ಟ್ರಿಣ್ ಅಂತ ರಿಂಗ್ ಕೇಳುತ್ತಿದೆ, ಯಾರೂ ಎತ್ತುತ್ತಿಲ್ಲ. ಒಂದು ನಿಮಿಷ ಹತ್ತು ಸೆಕೆಂಡ್ ಕಾದು ಇಡುತ್ತಾರೆ. ಮನಸ್ಸು ತಡೆಯದೆ ಮತ್ತೆ ಮಾಡಿ ಈ ಸಲ ಎರಡು ನಿಮಿಷ ಐದು ಸೆಕೆಂಡ್ ಕಾಯುತ್ತಾರೆ. ಯಾರೂ ಮಾತಾಡಲಿಲ್ಲವಲ್ಲ, ಖರ್ಚೇನೂ ಆಗಿಲ್ಲ ಅಂತ ಅವರ ಲೆಕ್ಕ.

ನಿಜವಾಗಿ ಎರಡೂ ಸಲ ಆ ಕಡೆಯ ಯಂತ್ರ ತಕ್ಷಣ ಕರೆ ಎತ್ತಿತ್ತು. ಎತ್ತಿದ ಮೇಲೆ ಅವರು ಕೇಳಿದ್ದು ರೆಕಾರ್ಡ್ ಮಾಡಿಟ್ಟ ರಿಂಗಿನ ಸದ್ದು. ದರ ನಿಮಿಷಕ್ಕೆ 100 ರೂಪಾಯಿ ಅಂತ ಇಟ್ಟುಕೊಳ್ಳಿ, ಲೆಕ್ಕ ಪೂರಾ ನಿಮಿಷದ್ದು. ಮೊದಲನೆಯದು 2 ನಿಮಿಷ, ಎರಡನೆಯದು 3 ನಿಮಿಷ, ಒಟ್ಟು 500. ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಸೇರಿ 590 ರೂಪಾಯಿ. ಒಂದು ಮಾತೂ ಆಡದೆ!

ಇದನ್ನು ಹಿಡಿಯುವುದು ಸುಲಭ. ಕರೆ ಮಾಡುವಾಗ ಫೋನನ್ನು ಕಿವಿಗೆ ಇಡದೆ ಸ್ಪೀಕರ್ ಹಾಕಿ ಪರದೆ ನೋಡಿ. ಎತ್ತುವ ತನಕ ಅಲ್ಲಿ ಡಯಲ್ ಆಗುತ್ತಿದೆ ಅಂತ ಬರುತ್ತದೆ, ಎತ್ತಿದ ಕ್ಷಣ 00:01, 00:02 ಅಂತ ಸಮಯ ಓಡಲು ಶುರುವಾಗುತ್ತದೆ. ಸಮಯ ಓಡುತ್ತಿದೆ, ಆದರೂ ರಿಂಗ್ ಕೇಳುತ್ತಿದೆ ಅಂದರೆ ಅದು ಇದೇ ಮೋಸ, ಆಗಲೇ ಕೆಂಪು ಬಟನ್ ಒತ್ತಿ. ಕೆಲವು ಕಡೆ ರಿಂಗಿನ ಬದಲು ಹಾಡು, 'ದಯವಿಟ್ಟು ಕಾಯಿರಿ' ಅನ್ನುವ ಧ್ವನಿ, ಅಥವಾ ಅರ್ಥವಾಗದ ಭಾಷೆಯಲ್ಲಿ ಯಾರೋ ಮಾತಾಡಿದ್ದು ಇರುತ್ತದೆ. ಉದ್ದೇಶ ಒಂದೇ, ನಿಮ್ಮನ್ನು ಲೈನಿನಲ್ಲಿ ಹಿಡಿದಿಡುವುದು. ಅಂದಹಾಗೆ, ವಾಪಸ್ ಮಾಡಿದ ಮಾತ್ರಕ್ಕೆ ಸಿಮ್ ನಕಲಾಗುತ್ತದೆ, ಬ್ಯಾಂಕ್ ಖಾತೆ ಖಾಲಿಯಾಗುತ್ತದೆ ಅನ್ನುವುದೆಲ್ಲಾ ಸುಳ್ಳು. ಹೋಗುವುದು ಕರೆಯ ದುಡ್ಡು.

ಬಾಗಿಲನ್ನೇ ಹಾಕುವುದು

ಪ್ರೀಪೇಯ್ಡ್‌ನವರಿಗೆ ನಷ್ಟಕ್ಕೆ ಒಂದು ಮಿತಿ ಇದೆ. ಅನ್‌ಲಿಮಿಟೆಡ್ ಪ್ಯಾಕಿನಲ್ಲಿ ಮಾಮೂಲಿಯಾಗಿ ಐಎಸ್‌ಡಿ ಸೇರಿರುವುದಿಲ್ಲ, ಅದಕ್ಕೆ ಟಾಕ್‌ಟೈಮ್ ಬ್ಯಾಲೆನ್ಸ್ ಬೇಕು. ಬ್ಯಾಲೆನ್ಸ್ ಸೊನ್ನೆ ಇದ್ದರೆ ಕರೆಯೇ ಹೋಗುವುದಿಲ್ಲ, 50 ಇದ್ದರೆ 50 ಹೋಗುತ್ತದೆ. ಗಲ್ಫಿಗೆ ಮಾಡಲಿಕ್ಕೆ ಅಂತ ದುಡ್ಡು ತುಂಬಿಸಿ ಇಟ್ಟುಕೊಳ್ಳುವವರು ಮತ್ತು ಪೋಸ್ಟ್‌ಪೇಯ್ಡ್‌ನವರು ಜಾಸ್ತಿ ಹುಷಾರಾಗಿರಬೇಕು.

ವಿದೇಶಕ್ಕೆ ಕರೆ ಮಾಡುವ ಅಗತ್ಯವೇ ಇಲ್ಲದಿದ್ದರೆ ಕಂಪನಿಯ ಕಸ್ಟಮರ್ ಕೇರ್‌ಗೆ ಹೇಳಿ ಐಎಸ್‌ಡಿ ಬಂದ್ ಮಾಡಿಸಿ. ಹೊರಗಿನಿಂದ ಬರುವ ಕರೆ ನಿಲ್ಲುವುದಿಲ್ಲ, ಇಲ್ಲಿಂದ ಹೋಗುವುದು ಮಾತ್ರ ನಿಲ್ಲುತ್ತದೆ. ಮಕ್ಕಳು ಹೊರಗಿದ್ದರೂ ಯಾವಾಗಲೂ ಅವರೇ ಫೋನ್ ಮಾಡುವ ಮನೆಗಳಿಗೆ ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ ಅಂತ ನನ್ನ ಅಭಿಪ್ರಾಯ. ಮಾಡಿಸಿದ ಮೇಲೆ ಆಗಿದೆಯಾ ಅಂತ ಮಗನ ನಂಬರಿಗೇ ಒಂದು ಸಲ ಹಚ್ಚಿ ನೋಡಿ, ಹೋಗಬಾರದು.

ದುಡ್ಡು ಹೋದ ಮೇಲೆ

ಬಿಲ್ಲಿನಲ್ಲಿ ಕರೆಗಳ ವಿವರ ತೆಗೆಸಿ ನಂಬರು, ದೇಶ, ನಿಮಿಷ, ದರ ನೋಡಿ. 198ಕ್ಕೆ ಫೋನ್ ಮಾಡಿ ನಿಮ್ಮ ಕಂಪನಿಗೆ ದೂರು ಕೊಟ್ಟು ದೂರಿನ ನಂಬರು ಬರೆದುಕೊಳ್ಳಿ. ದುಡ್ಡು ವಾಪಸ್ ಬರುವುದು ಕಷ್ಟ. ಕರೆ ಮಾಡಿದ್ದು ನೀವೇ, ಮುಂದಿನ ಕಂಪನಿಗೆ ಅವರು ಪಾಲು ಕೊಡಲೇಬೇಕು ಅನ್ನುವ ಉತ್ತರಕ್ಕೆ ತಯಾರಾಗಿರಿ. ಆದರೂ ಕೇಳಿ, ನಾವು ಕೇಳದೆ ಯಾರೂ ತಾವಾಗಿ ದುಡ್ಡು ಬಿಟ್ಟುಕೊಡುವುದಿಲ್ಲ. ದುಡ್ಡು ಹೋದ ದೂರನ್ನು ಸೈಬರ್ ಸಹಾಯವಾಣಿ 1930ಕ್ಕೂ ಹೇಳಬಹುದು. ದುಡ್ಡು ಹೋಗದೆ ಬರೀ ಅನುಮಾನದ ಕರೆ ಬಂದಿದ್ದರೆ sancharsaathi.gov.in ತಾಣದಲ್ಲಿ ಚಕ್ಷು ಅಂತ ಒಂದು ಭಾಗ ಇದೆ, ಕೇಂದ್ರದ ದೂರಸಂಪರ್ಕ ಇಲಾಖೆ 2024ರಲ್ಲಿ ಶುರು ಮಾಡಿದ್ದು. ಕರೆ ಬಂದ ದಿನ, ಹೊತ್ತು, ಸ್ಕ್ರೀನ್‌ಶಾಟ್ ಅಲ್ಲಿ ಹಾಕಿ.

ನಂಬರನ್ನು ಬ್ಲಾಕ್ ಮಾಡಿದರೆ ಆ ಒಂದು ನಂಬರು ನಿಲ್ಲುತ್ತದೆ ಅಷ್ಟೇ, ನಾಳೆ ಅದರ ಪಕ್ಕದ ನಂಬರಿನಿಂದ ಬರುತ್ತದೆ. ಅದಕ್ಕಿಂತ ಸ್ಕ್ರೀನ್‌ಶಾಟ್ ತೆಗೆದುಕೊಂಡ ಮೇಲೆ ಕಾಲ್ ಲಿಸ್ಟಿನಿಂದ ಆ ಸಾಲನ್ನೇ ಅಳಿಸುವುದು ಮುಖ್ಯ. ಮನೆಯಲ್ಲಿ ವಯಸ್ಸಾದವರ ಫೋನಾದರೆ ಅದನ್ನು ನೀವೇ ಅಳಿಸಿಕೊಡಿ, ಲಿಸ್ಟಿನ ಮೇಲ್ಗಡೆ ಕೆಂಪಕ್ಷರದಲ್ಲಿ ಕಂಡಿದ್ದನ್ನು ಅವರು ಬೆರಳು ತಾಗಿಸಿ ಮಾಡಿಯೇ ಬಿಡುತ್ತಾರೆ.