ಪಿಂಚಣಿ ಫೈಲು ಎಲ್ಲಿ ನಿಂತಿತ್ತು? ಪತ್ರ ಬರೆದು ಪತ್ತೆ ಮಾಡಿದ ಬಗೆ

ದಾವಣಗೆರೆಯ ಸರ್ಕಾರಿ ಪ್ರಾಥಮಿಕ ಶಾಲೆಯಿಂದ ನಿವೃತ್ತಳಾಗಿ ತಿಂಗಳುಗಳೇ ಕಳೆದರೂ ಪಿಂಚಣಿ ಮಂಜೂರಾಗಿರಲಿಲ್ಲ. ನನ್ನ ಕಡತ ಕಳಿಸಬೇಕಿದ್ದ ಕಚೇರಿಯಲ್ಲಿ ಕೇಳಿದಾಗಲೆಲ್ಲ ಒಂದೇ ಉತ್ತರ: "ಕಳಿಸೀವಿ ಮೇಡಂ, ಬೆಂಗಳೂರಿಂದ ಬರ್ಬೇಕು." ಕಳಿಸಿದ ದಿನಾಂಕ ಕೇಳಿದರೆ ಮಾತ್ರ ಎಲ್ಲರೂ ಕಂಪ್ಯೂಟರ್ ಕಡೆ ತಿರುಗುತ್ತಿದ್ದರು.

ನಮ್ಮ ಪಿಂಚಣಿ ಪಾವತಿ ಆದೇಶ ಹೊರಡುವುದು ಬೆಂಗಳೂರಿನ ಮಹಾಲೇಖಪಾಲರ ಕಚೇರಿಯಿಂದ. ಹಾಗಾಗಿ ಪತ್ರವನ್ನು ನೇರ ಅಲ್ಲಿಗೇ ಬರೆದೆ, ಪ್ರತಿಯನ್ನು ಕಡತ ಕಳಿಸಬೇಕಾದ ಅಧಿಕಾರಿಗೆ. ಕಷ್ಟಸುಖ ತೋಡಿಕೊಳ್ಳಲಿಲ್ಲ; ಅದನ್ನು ಓದುವ ಗುಮಾಸ್ತರಿಗೆ ಅದರಿಂದ ಮಾಡಬಹುದಾದ ಕೆಲಸವೇನೂ ಇಲ್ಲ. ಹೆಸರು, ಹುದ್ದೆ, ಜನ್ಮ ದಿನಾಂಕ, ನಿವೃತ್ತಿ ದಿನಾಂಕ, ಕೊನೆಯ ಶಾಲೆ ಬರೆದು, ಕೆಳಗೆ ಇಷ್ಟೇ ಕೇಳಿದೆ:

"ನನ್ನ ಪಿಂಚಣಿ ಪ್ರಸ್ತಾವನೆ ತಮ್ಮ ಕಚೇರಿಗೆ ತಲುಪಿದ ದಿನಾಂಕ ಯಾವುದು? ಆಕ್ಷೇಪಣೆಯಿಂದ ಹಿಂದಿರುಗಿಸಿದ್ದರೆ, ಆಕ್ಷೇಪಣೆ ಏನು, ಹಿಂದಿರುಗಿಸಿದ ಪತ್ರದ ಸಂಖ್ಯೆ ಮತ್ತು ದಿನಾಂಕ ಏನು? ದಯಮಾಡಿ ತಿಳಿಸಿ."

ರಿಜಿಸ್ಟರ್ ಅಂಚೆಯಲ್ಲಿ, ಸ್ವೀಕೃತಿ ಚೀಟಿ ಇಟ್ಟು ಕಳಿಸಿದೆ. ಉತ್ತರ ಬಾರದಿದ್ದರೆ ಇದೇ ಪ್ರಶ್ನೆಗಳನ್ನು ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕ ಕಟ್ಟಿ ಕೇಳಬಹುದು, 30 ದಿನದೊಳಗೆ ಉತ್ತರಿಸಬೇಕು. ನನಗೆ ಅದರ ಅಗತ್ಯ ಬೀಳಲಿಲ್ಲ.

ಬಂದ ಉತ್ತರದಲ್ಲಿ ಗಂಟು ಬಿಚ್ಚಿಕೊಂಡಿತು. ಕಡತ ಬೆಂಗಳೂರಿಗೆ ಹೋಗಿ, ಆಕ್ಷೇಪಣೆಯೊಂದಿಗೆ ಯಾವಾಗಲೋ ವಾಪಸ್ ಬಂದಿತ್ತು. 1996-97ರ ಸೇವೆ ಪರಿಶೀಲನೆಯ ನಮೂದು ನನ್ನ ಸೇವಾ ಪುಸ್ತಕದಲ್ಲಿ ಇರಲಿಲ್ಲ. ವೇತನ ಬಿಲ್ಲು ನೋಡಿ ವರ್ಷಕ್ಕೊಮ್ಮೆ ಅಧಿಕಾರಿ ಹಾಕುವ ಷರಾ ಅದು. ಆಗ ನಾನು ಜಗಳೂರಿನಲ್ಲಿದ್ದೆ. 1997ರಲ್ಲಿ ದಾವಣಗೆರೆ ಪ್ರತ್ಯೇಕ ಜಿಲ್ಲೆಯಾಗುವವರೆಗೆ ಜಗಳೂರು ಚಿತ್ರದುರ್ಗ ಜಿಲ್ಲೆಯದ್ದು. ಕಾಗದಪತ್ರ ಆ ಕಡೆ ಈ ಕಡೆ ಹೋಗುವ ಹೊತ್ತಿನಲ್ಲಿ ಒಂದು ಷರಾ ತಪ್ಪಿದ್ದರೆ ಆಶ್ಚರ್ಯವಿಲ್ಲ. ಆಶ್ಚರ್ಯವೆಂದರೆ ವಾಪಸ್ ಬಂದ ಕಡತದ ಸುದ್ದಿ ನನಗೆ ಯಾರೂ ಹೇಳದಿದ್ದದ್ದು.

ಆ ಪತ್ರದ ಸಂಖ್ಯೆ ಕೈಯಲ್ಲಿ ಹಿಡಿದು ಹೋದಾಗ "ಬೆಂಗಳೂರಿಂದ ಬರ್ಬೇಕು" ಎನ್ನಲು ಆಗಲಿಲ್ಲ. ಆವಕ ವಹಿ ತೆಗೆದರು, ಕಡತ ಅಲ್ಲೇ ಬೀರುವಿನಲ್ಲಿತ್ತು. ಆ ವರ್ಷದ ವೇತನ ಬಿಲ್ಲಿನ ವಹಿ ಹುಡುಕಿಸಲು ನಾನೇ ಬೆನ್ನು ಹತ್ತಿದೆ. ಸಿಕ್ಕಿತು, ಷರಾ ಬಿತ್ತು, ಕಡತ ಮತ್ತೆ ಹೊರಟಿತು. ಈ ಸಲ ರವಾನೆ ಸಂಖ್ಯೆ ಬರೆದುಕೊಂಡೇ ಎದ್ದೆ. ಮಂಜೂರಾತಿ ಬರುವವರೆಗೆ ತಾತ್ಕಾಲಿಕ ಪಿಂಚಣಿ ಕೊಡಲು ನಿಯಮದಲ್ಲಿ ಅವಕಾಶವಿದೆ, ಅದಕ್ಕೂ ಪ್ರತ್ಯೇಕ ಅರ್ಜಿ ಕೊಟ್ಟೆ.

ಪಾವತಿ ಆದೇಶ ಈಗ ಕೈಸೇರಿದೆ, ಬಾಕಿಯೂ ಬಂದಿದೆ. ಉಪದಾನ, ಅಂದರೆ ಗ್ರಾಚ್ಯುಟಿ, ತಡವಾದ ಅವಧಿಯ ಬಡ್ಡಿ ಮಾತ್ರ ಬಂದಿಲ್ಲ. ತಪ್ಪು ಕಚೇರಿಯದ್ದಾದರೆ ಬಡ್ಡಿ ಕೊಡಬೇಕೆಂದು ಪದ್ಮನಾಭನ್ ನಾಯರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1984ರಲ್ಲೇ ಹೇಳಿದೆ. ಆಕ್ಷೇಪಣೆ ವಾಪಸ್ ಬಂದ ದಿನಾಂಕ, ಅದಕ್ಕೆ ಉತ್ತರ ಹೋದ ದಿನಾಂಕ, ಎರಡನ್ನೂ ಹಾಕಿ ಅದಕ್ಕೊಂದು ಪತ್ರ ಕಳಿಸಿದ್ದೇನೆ.