ಕೇಳಬೇಕಾದ್ದನ್ನು ಮೊದಲ ಸಾಲಲ್ಲೇ ಕೇಳಿ: ಉಡುಪಿ, ಮಂಗಳೂರಿಂದ ಹೊರಟವರಿಗೆ ಮೇಲ್ ಪಾಠ

ನಾನು ರಜೆಗೆ ಉಡುಪಿಗೆ ಬಂದಾಗಲೆಲ್ಲ ನೆದರ್‌ಲ್ಯಾಂಡ್ಸ್‌ಗೆ ಹೊರಡುವ ತಯಾರಿಯಲ್ಲಿರುವ ಹುಡುಗರು, ಹುಡುಗಿಯರು ಮನೆಗೆ ಬರುತ್ತಾರೆ. ಎಂಥ ಜಾಕೆಟ್ ಬೇಕು, ಬಾಡಿಗೆ ಎಷ್ಟು, ಕುಚ್ಚಲಕ್ಕಿ ಸಿಗ್ತದಾ ಅಂತ ಕೇಳುತ್ತಾರೆ. ಮೇಲ್ ಬರೆಯುವುದರ ಬಗ್ಗೆ ಯಾರೂ ಕೇಳುವುದಿಲ್ಲ. ಯಾಕೆ ಕೇಳಬೇಕು, ಅಲ್ವಾ? ಇಂಗ್ಲಿಷ್ ಮೀಡಿಯಂನಲ್ಲಿ ಓದಿದವರು, ಸ್ಪೆಲ್ಲಿಂಗ್ ತಪ್ಪದವರು. ಆದರೆ ಹೋದ ಮೊದಲ ತಿಂಗಳು ಇವರಲ್ಲಿ ಹೆಚ್ಚಿನವರು ಎಡವುವುದು ಮೇಲ್‌ನಲ್ಲೇ. ಅದಕ್ಕೆ ಇಂಗ್ಲಿಷ್ ಕಾರಣ ಅಲ್ಲ. ಇಂಗ್ಲಿಷ್ ಪದಗಳನ್ನು ಕನ್ನಡದ ಸಾಲಿನಲ್ಲಿ ಜೋಡಿಸುವುದು ಕಾರಣ.

ಕಾಪು ಕಡೆಯ ಒಬ್ಬ ಹುಡುಗನದ್ದೇ ನೋಡಿ. ಮಂಗಳೂರಿನ ಆಫೀಸೊಂದರಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ, ಸದ್ಯದಲ್ಲೇ ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ಗೆ ಹೋಗುವವ. ಅಲ್ಲಿನ ಟೀಮಿನ ಜೊತೆ ಈಗಲೇ ಮೇಲ್ ಓಡಾಡುತ್ತಿದೆ. "ಅಕ್ಕ, ನಾನು ಸರಿಯಾಗಿಯೇ ಕೇಳಿದ್ದೇನೆ. ಅಲ್ಲಿನ ಮ್ಯಾನೇಜರ್ ಥ್ಯಾಂಕ್ಸ್ ಹೇಳಿ ಸುಮ್ಮನೆ ಕೂತ. ಎಂತ ಮಾಡುದು?" ಅಂತ ಫೋನ್ ತೆಗೆದು ತೋರಿಸಿದ. ಇಂಗ್ಲಿಷಿನಲ್ಲಿದ್ದ ಆ ಮೇಲನ್ನು ಕನ್ನಡಕ್ಕೆ ತಿರುಗಿಸಿದರೆ ಹೀಗಿತ್ತು:

"ಮಾನ್ಯರೇ, ಕ್ಷೇಮವೆಂದು ಭಾವಿಸುತ್ತೇನೆ. ಕಳೆದ ವಾರ ಟೆಸ್ಟಿಂಗ್ ಎಲ್ಲ ಹೊಸ ಸರ್ವರ್‌ಗೆ ಹೋಗಿದೆ. ಹಳೆಯ ಲಾಗಿನ್ ಅದರಲ್ಲಿ ನಡೆಯುತ್ತಿಲ್ಲ. ಸಪೋರ್ಟ್‌ನವರನ್ನು ಕೇಳಿದಾಗ ಮ್ಯಾನೇಜರ್ ಒಪ್ಪಿಗೆ ಬೇಕು ಎಂದರು. ಶುಕ್ರವಾರ ನಮ್ಮ ಟೆಸ್ಟಿಂಗ್ ಶುರು ಆಗಬೇಕು. ಆದ್ದರಿಂದ ದಯವಿಟ್ಟು ಆಗಬೇಕಾದ್ದನ್ನು ಮಾಡಿಕೊಡಿ."

ಕನ್ನಡದಲ್ಲಿ ಓದಿದರೆ ಒಂದು ತಪ್ಪೂ ಇಲ್ಲ. ಆಚೆಯಿಂದ ಬಂದ ಉತ್ತರ ಮಾತ್ರ ಒಂದೇ ಸಾಲು: "ಥ್ಯಾಂಕ್ಸ್ ಫಾರ್ ದ ಅಪ್‌ಡೇಟ್." ಶುಕ್ರವಾರ ಬಂತು, ಲಾಗಿನ್ ಬರಲಿಲ್ಲ.

ಆ ಡಚ್ ಮ್ಯಾನೇಜರ್ ಸೋಮಾರಿಯೂ ಅಲ್ಲ, ದುರಹಂಕಾರಿಯೂ ಅಲ್ಲ. ಸರ್ವರ್ ಬದಲಾದ ಸುದ್ದಿ ಹೇಳುತ್ತಿದ್ದಾನೆ ಅಂದುಕೊಂಡ, ಅಷ್ಟೇ. ಇಂಗ್ಲಿಷಿನಲ್ಲಿ ಆಫೀಸಿನ ಕೆಲಸ ಮಾಡುವವರು ಮೊದಲ ವಾಕ್ಯವನ್ನೇ ಮುಖ್ಯ ವಿಷಯ ಅಂತ ಹಿಡಿಯುತ್ತಾರೆ. ಉಳಿದದ್ದು ಅದರ ವಿವರ. ವಿಷಯ ಗೊತ್ತಾಯಿತು ಅನಿಸಿದ ಕೂಡಲೇ ಮುಂದಿನ ಮೇಲ್‌ಗೆ ಹೋಗುತ್ತಾರೆ. ಫೋನಲ್ಲಂತೂ ತೆರೆಯುವ ಮೊದಲು ಕಾಣುವುದು ಸಬ್ಜೆಕ್ಟ್ ಮತ್ತು ಆರಂಭದ ಒಂದೆರಡು ಸಾಲು ಮಾತ್ರ. ಈ ಹುಡುಗನ ಮೇಲ್‌ನಲ್ಲಿ ಆ ಜಾಗದಲ್ಲಿ ಇದ್ದದ್ದು ಕ್ಷೇಮ ಸಮಾಚಾರ.

ನಮ್ಮ ಭಾಷೆಯಲ್ಲಿ ಕ್ರಿಯಾಪದ ಕೊನೆಗೆ. ಯಾಕೆ, ಯಾವಾಗ, ಯಾರು ಹೇಳಿದರು ಎಲ್ಲವೂ ಅದಕ್ಕಿಂತ ಮುಂಚೆ ಬರಬೇಕು. ಹಾಗಾಗಿ ಕೊನೆಯವರೆಗೆ ಕಾಯುವುದು ಕೇಳುವವರಿಗೆ ಅಭ್ಯಾಸ. ವಾಕ್ಯಕ್ಕೆ ಇರುವ ಈ ಕ್ರಮವನ್ನೇ ನಾವು ಇಡೀ ಮಾತಿಗೂ ಹಾಕುತ್ತೇವೆ: ಮೊದಲು ಕಾರಣ, ಆಮೇಲೆ "ಹಾಗಾಗಿ", ಕಡೆಗೆ ಬೇಡಿಕೆ. ಮನೆಗೆ ಬಂದವರಿಗೆ ಬೆಲ್ಲ, ನೀರು ಕೊಟ್ಟು, ಮಳೆ ಬೆಳೆ ಮಾತಾಡಿ, ಆಮೇಲೆ "ಎಂತ ವಿಷಯ ಬಂದದ್ದು?" ಅಂತ ಕೇಳುವ ಊರಿನವರಿಗೆ ಇದೇ ಮರ್ಯಾದೆ.

ಮನೆಮಾತು ತುಳುವೋ ಕೊಂಕಣಿಯೋ ಆದವರು "ನಮಗೆ ಇದು ಇಲ್ಲ" ಅನ್ನುವುದುಂಟು. ಸುಮ್ನೆ. ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಎಂಬ ಇಬ್ಬರು ಭಾಷಾ ಸಂಶೋಧಕರು ಮಹಾರಾಷ್ಟ್ರದ ಸಾಂಗ್ಲಿ ಹತ್ತಿರದ ಕುಪ್ವಾಡ ಎಂಬ ಊರಿನ ಬಗ್ಗೆ 1971ರಲ್ಲಿ ಬರೆದಿದ್ದರು. ಅಲ್ಲಿ ಕನ್ನಡ, ಮರಾಠಿ, ಉರ್ದು ಆಡುವವರು ತಲೆಮಾರುಗಳಿಂದ ಒಟ್ಟಿಗೆ ಬದುಕಿ, ಪದಗಳು ಬೇರೆ ಬೇರೆಯಾಗಿಯೇ ಉಳಿದರೂ ವಾಕ್ಯದ ಕಟ್ಟು ಹೆಚ್ಚುಕಮ್ಮಿ ಒಂದೇ ಆಗಿತ್ತು. ತುಳುವಿನಲ್ಲೂ ಕೊಂಕಣಿಯಲ್ಲೂ ಕ್ರಿಯಾಪದ ಕೊನೆಗೇ ಬರುತ್ತದೆ. ನಾಲ್ಕು ಭಾಷೆ ಬರುತ್ತದೆ ಅಂತ ನಾವು ಹೆಮ್ಮೆಪಟ್ಟರೂ ಮಾತು ಜೋಡಿಸುವ ಕ್ರಮ ಎಲ್ಲದರಲ್ಲೂ ಒಂದೇ.

ಮೇಲ್ ಸರಿ ಮಾಡಲು ಹೊಸದಾಗಿ ಯೋಚನೆ ಮಾಡಬೇಕಾಗಿಲ್ಲ. ನಿಮಗೆ ಬಂದ ಹಾಗೆ ಬರೆಯಿರಿ. ಕಳಿಸುವ ಮೊದಲು ಅದರಲ್ಲಿ "ಸೋ" ಅಥವಾ "ಹೆನ್ಸ್" ಎಲ್ಲಿ ಉಂಟು ಅಂತ ಹುಡುಕಿ. ನಿಮ್ಮ ಬೇಡಿಕೆ ಹೆಚ್ಚಾಗಿ ಅದರ ಹಿಂದೆ ಅಡಗಿರುತ್ತದೆ. ಆ ವಾಕ್ಯವನ್ನು ಕತ್ತರಿಸಿ ಮೇಲಕ್ಕೆ ತನ್ನಿ. ಆಮೇಲೆ ಅದರಲ್ಲಿ ಮೂರು ವಿಷಯ ಇದೆಯಾ ನೋಡಿ: ಯಾರು, ಏನು ಮಾಡಬೇಕು, ಯಾವ ದಿನದ ಒಳಗೆ.

ಆ ಹುಡುಗನ ಮೇಲನ್ನು ನಾವಿಬ್ಬರೂ ಕೂತು ಹೀಗೆ ಮಾಡಿದೆವು. ಸಬ್ಜೆಕ್ಟ್‌ನಲ್ಲಿ "ಟೆಸ್ಟ್ ಸರ್ವರ್" ಅಂತ ಮಾತ್ರ ಇತ್ತು. ಅದು "ಅಪ್ರೂವಲ್ ನೀಡೆಡ್ ಬೈ ಥರ್ಸ್‌ಡೇ 11 ಜೂನ್" ಆಯಿತು. ಮೊದಲ ಸಾಲು: "ಕುಡ್ ಯು ಅಪ್ರೂವ್ ಮೈ ಲಾಗಿನ್ ಫಾರ್ ದ ನ್ಯೂ ಟೆಸ್ಟ್ ಸರ್ವರ್ ಬೈ ಥರ್ಸ್‌ಡೇ 11 ಜೂನ್?" ಅದರ ಕೆಳಗೆ ಕಾರಣ, ಎರಡೇ ಸಾಲು: ಹಳೆಯ ಲಾಗಿನ್ ನಡೆಯುತ್ತಿಲ್ಲ, ಸಪೋರ್ಟ್‌ನವರಿಗೆ ನಿಮ್ಮ ಒಪ್ಪಿಗೆ ಬೇಕು. ಕೊನೆಗೆ, ಗುರುವಾರ ತಪ್ಪಿದರೆ ಟೆಸ್ಟಿಂಗ್ ಸೋಮವಾರಕ್ಕೆ ಹೋಗುತ್ತದೆ ಎಂಬ ಮಾತು. ದಿನಗಳನ್ನು ಬಿಟ್ಟರೆ ಮಾಹಿತಿ ಎಲ್ಲ ಹಳೆಯದ್ದೇ, ಜಾಗ ಬದಲಾಯಿತು. ತಿಂಗಳ ಹೆಸರನ್ನು ಅಕ್ಷರದಲ್ಲಿ ಬರೆಸಿದ್ದಕ್ಕೂ ಕಾರಣ ಉಂಟು. 11/06 ಅಂತ ಬರೆದರೆ ನಮಗೂ ಡಚ್ಚರಿಗೂ ಜೂನ್, ಅದೇ ಟೀಮಿನ ಅಮೆರಿಕದವನಿಗೆ ನವೆಂಬರ್ 6.

"ಹೀಗೆ ಮೊದಲ ಸಾಲಲ್ಲೇ ಕೇಳಿದರೆ ಅಧಿಕಪ್ರಸಂಗ ಅನಿಸುದಿಲ್ವಾ ಅಕ್ಕ?" ಅಂತ ಅವನ ಚಿಂತೆ. ಚಿಂತೆ ನ್ಯಾಯವೇ. ಆದರೆ ಮರ್ಯಾದೆ ಎಲ್ಲಿ ಕೂರುತ್ತದೆ ನೋಡಿ. ಕನ್ನಡದಲ್ಲಿ ಅದು ಕ್ರಿಯಾಪದದ ಬಾಲದಲ್ಲಿ ಇರುತ್ತದೆ. ಕಳಿಸು, ಕಳಿಸಿ, ಕಳಿಸಿಕೊಡಿ, ಕಳಿಸಿಕೊಡ್ತೀರಾ: ಒಂದೊಂದು ಮೆಟ್ಟಿಲಿಗೂ ವಿನಯ ಹೆಚ್ಚುತ್ತದೆ. ಇಂಗ್ಲಿಷಿನ "ಸೆಂಡ್"ಗೆ ಆ ಬಾಲ ಇಲ್ಲ. ಆ ಕೊರತೆ ತುಂಬಲು ನಾವು "ಪ್ಲೀಸ್" ಹಾಕುತ್ತೇವೆ, ಸಾಲದು ಅನಿಸಿದರೆ "ಕೈಂಡ್ಲಿ". ಎಷ್ಟು ಪ್ಲೀಸ್ ಹಾಕಿದರೂ ಅದು ಆಜ್ಞೆಯ ವಾಕ್ಯವೇ. "ಕೈಂಡ್ಲಿ" ಅಂತೂ ಇಂಗ್ಲೆಂಡಿನವರ ಕಿವಿಗೆ ನೋಟಿಸ್ ಬೋರ್ಡಿನ ಗದರಿಕೆಯಂತೆ ಕೇಳಬಹುದು. ಇಂಗ್ಲಿಷಿನಲ್ಲಿ ವಿನಯ ಬರುವುದು ಬೇಡಿಕೆ ಪ್ರಶ್ನೆಯಾದಾಗ. "ಕುಡ್ ಯು" ಅಂದರೆ ನಮ್ಮ "ಕೊಡ್ತೀರಾ" ಇದ್ದ ಹಾಗೆ. ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಹಾಕಲು ಮರೆಯಬೇಡಿ. ಓದುವವರ ಕಣ್ಣು ಅಲ್ಲಿಯೇ ನಿಲ್ಲುತ್ತದೆ. "ಡು ದ ನೀಡ್‌ಫುಲ್" ಬೇಡವೇ ಬೇಡ. ಆಗಬೇಕಾದ್ದು ಏನು ಅಂತ ನಿಮಗೆ ಗೊತ್ತು, ಅವರಿಗೆ ಗೊತ್ತಿಲ್ಲ.

ಇನ್ನು ನಾವು ಉತ್ತರ ಕೊಡುವಾಗಿನ ಕಥೆ. ನಮ್ಮ ಕಡೆ "ಆಯ್ತು, ನೋಡುವ" ಅಂದರೆ ಎಷ್ಟು ಹೌದು, ಎಷ್ಟು ಇಲ್ಲ ಅಂತ ಹೇಳುವವರ ಮುಖ ನೋಡಿದರೆ ತಿಳಿಯುತ್ತದೆ. "ಮಾಡುವ" ಅಂದರೂ ಹಾಗೆಯೇ. ಮೇಲ್‌ಗೆ ಮುಖ ಇಲ್ಲ. "ವಿ ವಿಲ್ ಡು ಇಟ್" ಅಂತ ಬರೆದರೆ ಆಚೆಯವರು ಅದನ್ನು ಪ್ಲಾನ್‌ಗೆ ಹಾಕಿಬಿಡುತ್ತಾರೆ. "ವಿ" ಅಂದರೆ ನಿಮ್ಮ ಟೀಮು, "ವಿಲ್" ಅಂದರೆ ಮಾತು ಕೊಟ್ಟಾಯಿತು. ಇದಕ್ಕೆ ತಿರುಗುಮುರುಗು "ಆಗ್ತದೆ", "ಆಗ್ತಾ ಉಂಟು". ಕನ್ನಡದಲ್ಲಿ ಇದು ಸರಳ ಮಾತು. ಯಾರು ಮಾಡ್ತಾರೆ ಅಂತ ಹೇಳಬೇಕಾಗಿಲ್ಲ, ಎದುರಿಗಿರುವವರಿಗೆ ಗೊತ್ತೇ ಇರುತ್ತದೆ. ಇಂಗ್ಲಿಷಿಗೆ ಹೋದಾಗ ಅದು "ಇಟ್ ವಿಲ್ ಬಿ ಡನ್" ಆಗುತ್ತದೆ. ಆಗ ಮರುದಿನ "ಬೈ ಹೂಮ್? ವೆನ್?" ಅಂತ ಪ್ರಶ್ನೆ ಬರುತ್ತದೆ. ಬೇಸಿಗೆಯಲ್ಲಿ ನೆದರ್‌ಲ್ಯಾಂಡ್ಸ್ ನಮಗಿಂತ ಮೂರೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ನಾಲ್ಕೂವರೆ. ಮಂಗಳೂರಿನಲ್ಲಿ ಕೂತವರು ಸಂಜೆ ಮನೆಗೆ ಹೊರಟ ಮೇಲೆ ಇಂಥ ಒಂದು ಪ್ರಶ್ನೆ ಬಂದರೆ ಒಂದು ದಿನ ಹೋಯಿತು.

ಆಗುವುದನ್ನೂ ಆಗದ್ದನ್ನೂ ಬೇರೆ ಬೇರೆ ಬರೆಯಿರಿ. ಮೊದಲಿನ ಎರಡು ಟೆಸ್ಟ್ ಬುಧವಾರದ ಒಳಗೆ ನಾನು ಮುಗಿಸುತ್ತೇನೆ, ಮೂರನೆಯದ್ದು ಸೋಮವಾರದ ಮೊದಲು ಸಾಧ್ಯವಿಲ್ಲ. "ಸಾಧ್ಯವಿಲ್ಲ" ಅನ್ನಲು ನಮ್ಮವರಿಗೆ ಬಾಯಿ ಬರುವುದಿಲ್ಲ. ಡಚ್ಚರಿಗೆ ಅದರಿಂದ ಬೇಸರ ಆಗುವುದು ಕಡಿಮೆ. ಆಗ್ತದೆ ಅಂತ ಹೇಳಿ ಆಗದಿದ್ದರೆ ಮಾತ್ರ ನೆನಪಿಟ್ಟುಕೊಳ್ಳುತ್ತಾರೆ.

ಒಂದೇ ಪದದ ಉತ್ತರದಲ್ಲೂ ಒಂದು ಗುಂಡಿ ಇದೆ. "ಫೈಲ್ ಇನ್ನೂ ಬರಲಿಲ್ವಾ?" ಅಂತ ಕೇಳಿದರೆ ನಾವು "ಹೌದು, ಬರಲಿಲ್ಲ" ಅನ್ನುತ್ತೇವೆ. ನೀವು ಹೇಳಿದ್ದು ನಿಜ ಅನ್ನುವುದಕ್ಕೆ ಆ ಹೌದು. ಅದೇ ಪ್ರಶ್ನೆ ಇಂಗ್ಲಿಷಿನಲ್ಲಿ ಬಂದಾಗ ಬರೇ "ಯೆಸ್" ಅಂತ ಕಳಿಸಿದರೆ, ಬಂದಿದೆ ಅಂತ ತಿಳಿದು ಅವರು ಸುಮ್ಮನಾಗಬಹುದು. ಯೆಸ್, ನೋ ಎರಡನ್ನೂ ಬಿಟ್ಟು "ಐ ಹ್ಯಾವ್ ನಾಟ್ ರಿಸೀವ್ಡ್ ಇಟ್" ಅಂತ ಪೂರ್ತಿ ವಾಕ್ಯ ಬರೆಯಿರಿ. "ಕಳಿಸಿದ್ದೆ" ಅನ್ನುವುದನ್ನೂ "ಐ ಹ್ಯಾಡ್ ಸೆಂಟ್" ಮಾಡಬೇಡಿ. ಯಾವುದಕ್ಕಿಂತ ಮುಂಚೆ ಅಂತ ಓದುವವರು ಹುಡುಕುತ್ತಾರೆ. "ಐ ಸೆಂಟ್ ಇಟ್ ಆನ್ ಟ್ಯೂಸ್‌ಡೇ" ಸಾಕು.

ನಿಮ್ಮ ಮೇಲ್ ಅರ್ಥವಾಗಿದೆಯೋ ಇಲ್ಲವೋ ಅಂತ ಬರುವ ಉತ್ತರದಲ್ಲೇ ಗೊತ್ತಾಗುತ್ತದೆ. ನೀವು ಏನೋ ಕೇಳಿ ಅವರು "ಗುಡ್ ಟು ನೋ" ಅಂದರೆ ಬೇಡಿಕೆ ಕಾಣಲಿಲ್ಲ. "ವಾಟ್ ಡು ಯು ನೀಡ್ ಫ್ರಮ್ ಮಿ?" ಅಂದರೆ ಬೇಡಿಕೆ ಇರುವ ಹಾಗೆ ಕಂಡಿತು, ಏನೆಂದು ತಿಳಿಯಲಿಲ್ಲ. ಎರಡು ವಿಷಯ ಕೇಳಿ ಒಂದಕ್ಕೇ ಉತ್ತರ ಬಂದರೆ ಎರಡನೆಯದ್ದು ಕಾರಣಗಳ ಮಧ್ಯೆ ಸಿಕ್ಕಿಬಿದ್ದಿದೆ. ಅದೇ ಮೇಲನ್ನು ಮತ್ತೆ ಫಾರ್ವರ್ಡ್ ಮಾಡಿ "ಜೆಂಟಲ್ ರಿಮೈಂಡರ್" ಅನ್ನುವುದರಿಂದ ಏನೂ ಆಗುವುದಿಲ್ಲ. ಬೇಡಿಕೆಯನ್ನು ಬೇರೆಯಾಗಿ, ಒಂದೇ ಸಾಲಿನಲ್ಲಿ ಬರೆದು ಕಳಿಸಿ.

ಇದನ್ನೆಲ್ಲ ಕಣ್ಣು ಮುಚ್ಚಿ ಎಲ್ಲ ಕಡೆ ಹಾಕಬೇಡಿ. ಸಾವಿನ ಸುದ್ದಿ, ಕೆಲಸ ಬಿಡುವ ವಿಚಾರ, ಯಾರದ್ದಾದರೂ ತಪ್ಪು ಹೇಳಬೇಕಾದ ಸಂದರ್ಭ ಇದ್ದರೆ ಅಲ್ಲೂ ನಾಲ್ಕು ಮಾತು ಮೊದಲು ಬೇಕು. ಸಾಧ್ಯವಾದರೆ ಫೋನ್ ಮಾಡಿ. ಜಪಾನಿ ಭಾಷೆಯಲ್ಲೂ ಕ್ರಿಯಾಪದ ಕೊನೆಗೇ, ಅಲ್ಲಿನವರ ಮೇಲ್‌ನಲ್ಲಿ ಬೇಡಿಕೆ ಕೆಳಗೆ ಇದ್ದರೆ ಪೂರ್ತಿ ಓದದೆ ಉತ್ತರಿಸಬೇಡಿ. ಮತ್ತೆ, ಐಂಡ್‌ಹೋವನ್‌ನಲ್ಲಿ ಆರು ತಿಂಗಳು ಕಳೆದ ಮೇಲೆ ಮಂಗಳೂರಿನ ಹಳೆ ಆಫೀಸಿನ ಹಿರಿಯರಿಗೆ ಮೇಲ್ ಬರೆಯುವಾಗ "ಸರ್" ಅನ್ನಿ, ಹೇಗಿದ್ದೀರಿ ಅಂತ ಕೇಳಿ, ಆಮೇಲೆ ವಿಷಯಕ್ಕೆ ಬನ್ನಿ. ಇಲ್ಲದಿದ್ದರೆ "ಹೊರಗೆ ಹೋದ ಮೇಲೆ ಇವನಿಗೆ ಕೊಂಬು ಬಂತು ಮಾರಾಯ" ಅಂತ ಕ್ಯಾಂಟೀನಿನಲ್ಲಿ ಮಾತಾಗುತ್ತದೆ.