ಪಾಠಶಾಲೆಯೋ ಪ್ರಾತ್ಯಕ್ಷಿಕೆಯೋ: ಭತ್ತದ ಗದ್ದೆಯಲ್ಲಿ ಕಲಿಸುವ ಬಗೆ

ಗ್ರಾಮೀಣ ಕಾರ್ಯಾನುಭವಕ್ಕೆಂದು ಹಳ್ಳಿಗೆ ಬರುವ ಕೃಷಿ ವಿದ್ಯಾರ್ಥಿಗಳನ್ನು ಹಲವು ಹಂಗಾಮುಗಳಿಂದ ನೋಡುತ್ತಿದ್ದೇನೆ. ಬ್ಯಾನರಿನಲ್ಲಿ ‘ರೈತ ಕ್ಷೇತ್ರ ಪಾಠಶಾಲೆ’ ಎಂದಿರುತ್ತದೆ, ಗದ್ದೆಯಲ್ಲಿ ನಡೆಯುವುದು ಪ್ರಾತ್ಯಕ್ಷಿಕೆ. ಪಾಠಶಾಲೆಯಲ್ಲಿ ರೈತರೇ ನೋಡಿ, ಎಣಿಸಿ, ತೀರ್ಮಾನಿಸುತ್ತಾರೆ; ಪ್ರಾತ್ಯಕ್ಷಿಕೆಯಲ್ಲಿ ಮಾಡಿ ತೋರಿಸಿದ್ದನ್ನು ನೋಡುತ್ತಾರೆ. ಒಮ್ಮೆ ರೈತರೊಬ್ಬರು ಭತ್ತದ ಬುಡದಿಂದ ಕಂದು ಜಿಗಿಹುಳುವನ್ನು ಅಂಗೈಯಲ್ಲಿ ಹಿಡಿದು ತಂದು, ‘ಇದು ಯಾವ ಹುಳು ಸರ್?’ ಎಂದರು. ವಿದ್ಯಾರ್ಥಿ ಹುಳುವಿನ ಹೆಸರು, ಔಷಧಿಯ ಹೆಸರು, ಲೀಟರಿಗೆ ಎಷ್ಟು ಎಂಬುದನ್ನು ಒಂದೇ ಉಸಿರಿನಲ್ಲಿ ಹೇಳಿಬಿಟ್ಟ. ಸುತ್ತಲಿದ್ದವರು ತಲೆಯಾಡಿಸಿದರು. ಆ ದಿನದ ಕಲಿಕೆ ಅಲ್ಲಿಗೇ ಮುಗಿಯಿತು.

ವಿಧಾನ ಆರಿಸುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ನೀವು ಕಲಿಸಲು ಹೊರಟ ವಿಷಯಕ್ಕೆ ಇಡೀ ಹಂಗಾಮಿಗೆ ಒಂದೇ ಉತ್ತರವಿದೆಯೇ? ಹೊಸ ತಳಿ, ಬೀಜೋಪಚಾರ, ಸತುವಿನ ಸಲ್ಫೇಟ್ ಇಂಥವಕ್ಕೆ ಇದೆ. ಮಾಡಿದರೆ ಫಲ ಕಣ್ಣಿಗೆ ಕಾಣುತ್ತದೆ, ಆದ್ದರಿಂದ ಪ್ರಾತ್ಯಕ್ಷಿಕೆಯೇ ಸರಿ. ಜಿಗಿಹುಳುವಿಗೆ ಈಗ ಸಿಂಪಡಿಸಬೇಕೇ ಎಂಬುದಕ್ಕೆ ಈ ವಾರ ಒಂದು ಉತ್ತರ, ಮುಂದಿನ ವಾರ ಇನ್ನೊಂದು. ಅಲ್ಲಿ ಪಾಠಶಾಲೆಯೇ ಬೇಕು.

ಪ್ರಾತ್ಯಕ್ಷಿಕೆಯ ಹಂತಗಳು ಕಷ್ಟದವಲ್ಲ. ದಾರಿ ಬದಿಯ ಗದ್ದೆ ಆರಿಸಿ, ಪಕ್ಕದಲ್ಲೇ ರೂಢಿಯ ಪದ್ಧತಿಯ ತಾಕು ಇರಲಿ, ಎರಡರಲ್ಲೂ ಒಂದೇ ದಿನ ನಾಟಿಯಾಗಲಿ, ಬದಲಾಗುವುದು ಒಂದೇ ಅಂಶವಾಗಿರಲಿ, ಕಟಾವಿಗೆ ಮೊದಲು ಕ್ಷೇತ್ರೋತ್ಸವ ಮಾಡಿ. ಕೆಡುವುದು ರೈತನ ಆಯ್ಕೆಯಲ್ಲಿ. ಊರಿನ ಅತ್ಯಂತ ಅನುಕೂಲಸ್ಥರ ಗದ್ದೆಯಲ್ಲಿ ಎಲ್ಲವನ್ನೂ ಉಚಿತವಾಗಿ ಸುರಿದು ಬೆಳೆ ತೆಗೆದರೆ, ನೋಡಲು ಬಂದವರು ‘ಅವರಿಗೆ ನಡೆಯುತ್ತದೆ’ ಎಂದುಕೊಂಡು ಹೋಗುತ್ತಾರೆ. 1903ರಲ್ಲಿ ಅಮೆರಿಕದ ಟೆಕ್ಸಾಸ್‌ನ ಟೆರೆಲ್ ಎಂಬ ಊರಿನಲ್ಲಿ ಅಲ್ಲಿನ ಕೃಷಿ ಇಲಾಖೆಯ ಸೀಮನ್ ನ್ಯಾಪ್ ನಡೆಸಿದ ಪ್ರಯೋಗ ಫಲಿಸಿದ್ದು, ಅಲ್ಲಿ ಬೇಸಾಯ ಮಾಡಿದವನು ಆ ಊರಿನವನೇ ಆದ ರೈತ, ಅದೂ ತನ್ನದೇ ಜಮೀನಿನಲ್ಲಿ ಎಂಬ ಕಾರಣಕ್ಕೆ. ನಷ್ಟವಾದರೆ ತುಂಬಿಕೊಡಲು ಊರಿನವರು ನಿಧಿ ಕೂಡಿಸಿದ್ದರು, ಆದರೆ ದುಡಿಮೆ ರೈತನದೇ. ಅಂಗಡಿಯವರು ಪುಕ್ಕಟೆ ಕೊಡುವ ‘ಬೆಳವಣಿಗೆ ಟಾನಿಕ್’ ಬಾಟಲಿಗಳನ್ನು ತಾಕಿನ ಹತ್ತಿರಕ್ಕೂ ಸೇರಿಸಬೇಡಿ. ಒಂದು ಸಲ ಬೆರೆಸಿದರೆ, ಫಲ ತಳಿಯದೋ ಬಾಟಲಿಯದೋ ಎಂದು ಯಾರೂ ಹೇಳಲಾರರು.

ಕ್ಷೇತ್ರ ಪಾಠಶಾಲೆ ಹುಟ್ಟಿದ್ದು ಇಂಡೋನೇಷ್ಯಾದ ಭತ್ತದ ಗದ್ದೆಗಳಲ್ಲಿ, ಇದೇ ಕಂದು ಜಿಗಿಹುಳುವಿನ ಕಾರಣಕ್ಕೆ. ಕೀಟನಾಶಕ ಹೆಚ್ಚಿದಷ್ಟೂ ಹುಳು ಹೆಚ್ಚಿತು. ಈ ಹುಳು ಮೊಟ್ಟೆ ಇಡುವುದು ದಂಟನ್ನು ಸುತ್ತಿದ ಎಲೆಕವಚದ ಒಳಗೆ, ಸಿಂಪರಣೆ ಅಲ್ಲಿಗೆ ಸರಿಯಾಗಿ ತಲುಪುವುದಿಲ್ಲ. ಹುಳುಗಳನ್ನು ತಿನ್ನುವ ಜೇಡಗಳು ಸಾಯುತ್ತವೆ, ಮೊಟ್ಟೆಯೊಡೆದು ಬಂದ ಮರಿಗಳಿಗೆ ಶತ್ರುವೇ ಇರುವುದಿಲ್ಲ. 1986ರಲ್ಲಿ ಅಲ್ಲಿನ ಸರ್ಕಾರ ಭತ್ತಕ್ಕೆ ಬಳಸುತ್ತಿದ್ದ 57 ಕೀಟನಾಶಕಗಳನ್ನು ನಿಷೇಧಿಸಿತು. 1989ರಲ್ಲಿ ಮೊದಲ ಪಾಠಶಾಲೆಗಳು ಶುರುವಾದವು.

ವ್ಯವಸ್ಥೆ ಸರಳ. ಇಪ್ಪತ್ತೈದು ರೈತರು, ಐದೈದು ಮಂದಿಯ ಗುಂಪುಗಳು, ಕಾಲು ಎಕರೆಯ ಎರಡು ತಾಕು, ನಾಟಿಯಿಂದ ಕಟಾವಿನವರೆಗೆ ವಾರಕ್ಕೊಂದು ಬೆಳಗು. ಒಂದು ತಾಕಿನಲ್ಲಿ ಊರಿನ ರೂಢಿ, ಇನ್ನೊಂದರಲ್ಲಿ ಗುಂಪಿನ ತೀರ್ಮಾನ.

ಕಷ್ಟವಿರುವುದು ವಾರವಾರದ ಕೃಷಿ ಪರಿಸರ ವಿಶ್ಲೇಷಣೆಯಲ್ಲಿ. ಇಲ್ಲಿ ಅವಸರ ಬೇಡ.

ಬದುವಿನ ಮೇಲೆ ನಿಂತು ಎಣಿಸಬೇಡಿ, ಗದ್ದೆಗೆ ಇಳಿಯಿರಿ. ಪ್ರತಿ ಗುಂಪು ತಾಕಿನಲ್ಲಿ ಮೂಲೆಯಿಂದ ಮೂಲೆಗೆ ನಡೆಯುತ್ತಾ ಹತ್ತು ಬುಡಗಳನ್ನು ನೋಡಬೇಕು. ಸೊರಗಿದ ಬುಡಗಳನ್ನೇ ಹುಡುಕಿ ಆರಿಸಿದರೆ ಲೆಕ್ಕ ಕೆಟ್ಟಂತೆಯೇ, ಇಷ್ಟು ಹೆಜ್ಜೆಗೆ ಒಂದು ಎಂದು ಮೊದಲೇ ಗೊತ್ತು ಮಾಡಿಕೊಳ್ಳಿ. ಗಿಡ ಮುಟ್ಟುವ ಮೊದಲು ಜೇಡಗಳನ್ನು ಎಣಿಸಿ, ಮುಟ್ಟಿದರೆ ಅವು ಓಡುತ್ತವೆ. ಆಮೇಲೆ ಬುಡದಿಂದ ಒಡೆದ ಕವಲುಗಳಾದ ತೆಂಡೆಗಳನ್ನು ಎರಡೂ ಕೈಯಲ್ಲಿ ಮೆಲ್ಲಗೆ ಸರಿಸಿ ನೀರಿನ ಮಟ್ಟದ ಸ್ವಲ್ಪ ಮೇಲೆ ನೋಡಿ. ಜಿಗಿಹುಳು ಇರುವುದು ಅಲ್ಲೇ, ಎಲೆಯ ತುದಿಯಲ್ಲಲ್ಲ. ಬುಡವನ್ನು ಅಂಗೈಯಿಂದ ತಟ್ಟಿದರೆ ನೀರಿಗೆ ಉದುರಿದವನ್ನೂ ಎಣಿಸಬಹುದು. ತೆಂಡೆಗಳ ಸಂಖ್ಯೆ ಬರೆದುಕೊಳ್ಳುವುದನ್ನು ಮರೆಯಬೇಡಿ, ತೀರ್ಮಾನ ನಿಂತಿರುವುದು ಅದರ ಮೇಲೆ.

ನಂತರ ಮರದ ನೆರಳಿನಲ್ಲಿ ಕುಳಿತು ಚಿತ್ರ ಬರೆಯುವುದು. ದೊಡ್ಡ ಹಾಳೆಯ ನಡುವೆ ಇಂದು ಕಂಡಂತೆಯೇ ಭತ್ತದ ಗಿಡ, ಒಂದು ಬದಿಗೆ ಪೀಡೆಗಳು, ಇನ್ನೊಂದು ಬದಿಗೆ ಮಿತ್ರಕೀಟಗಳು, ಮೇಲೆ ಬಿಸಿಲೋ ಮೋಡವೋ, ಕೆಳಗೆ ನೀರು. ಮುದ್ರಿತ ನಮೂನೆ ತಂದು ಭರ್ತಿ ಮಾಡಿಸುವ ಅಡ್ಡದಾರಿಯನ್ನು ನಾನು ಒಪ್ಪುವುದಿಲ್ಲ. ಜೇಡಕ್ಕೆ ಎಂಟು ಕಾಲು ಬರೆಯಬೇಕಾದವನು ಮಾತ್ರ ಅದನ್ನು ದಿಟ್ಟಿಸಿ ನೋಡುತ್ತಾನೆ. ಸ್ಕೆಚ್ ಪೆನ್ ಒದ್ದೆ ಕೈಗೆ ಹರಡುತ್ತದೆ, ಮೇಣದ ಬಣ್ಣದ ಕಡ್ಡಿಗಳನ್ನೇ ಕೊಡಿ.

ಒಂದು ಉದಾಹರಣೆ ನೋಡೋಣ. ಗುಂಪಿನ ಸರಾಸರಿ ಬುಡಕ್ಕೆ 18 ತೆಂಡೆ, 22 ಜಿಗಿಹುಳು, 2 ಜೇಡ. ತಮಿಳುನಾಡು ಕೃಷಿ ವಿಶ್ವವಿದ್ಯಾಲಯದ ಶಿಫಾರಸಿನಂತೆ ಜೇಡವಿಲ್ಲದಿದ್ದರೆ ಸಿಂಪಡಿಸುವ ಮಿತಿ ತೆಂಡೆಗೆ ಒಂದು ಹುಳು, ಬುಡಕ್ಕೊಂದು ಜೇಡವಿದ್ದರೆ ತೆಂಡೆಗೆ ಎರಡು. ಜೇಡವನ್ನು ಲೆಕ್ಕಿಸದವನಿಗೆ 22 ಎಂಬುದು 18ನ್ನು ದಾಟಿದೆ, ಪಂಪ್ ಹೆಗಲೇರುತ್ತದೆ. ಲೆಕ್ಕಿಸಿದವನ ಮಿತಿ 36. ಈ ವಾರ ಸಿಂಪರಣೆ ಬೇಡ, ನೀರು ಬಸಿದು ಬಿಡೋಣ, ಯೂರಿಯಾ ಮುಂದೂಡೋಣ, ಮತ್ತೆ ಎಣಿಸೋಣ ಎಂದು ಗುಂಪು ನಿರ್ಧರಿಸುತ್ತದೆ. ಮುಂದಿನ ವಾರ ಹುಳು 40 ಆಗಿ, ಎರಡು ಬುಡಕ್ಕೊಂದೇ ಜೇಡ ಸಿಕ್ಕಿದರೆ ಸಿಂಪಡಿಸುವುದೇ ಸರಿ, ಆಗ ತಡ ಮಾಡಿದರೆ ಬೆಳೆ ದುಂಡುದುಂಡಾಗಿ ಸುಟ್ಟಂತೆ ಒಣಗುತ್ತದೆ. ಆಗಲೂ ಅಗ್ಗವೆಂದು ಸಿಂಥೆಟಿಕ್ ಪೈರೆಥ್ರಾಯ್ಡ್ ತರಬೇಡಿ, ಭತ್ತದಲ್ಲಿ ಅದು ಜಿಗಿಹುಳುವನ್ನು ಮರಳಿ ಉಲ್ಬಣಿಸುತ್ತದೆ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ‘ಇದು ಯಾವ ಹುಳು?’ ಎಂದರೆ ಹೆಸರು ಹೇಳಬೇಡಿ. ‘ಎಲ್ಲಿ ಸಿಕ್ಕಿತು ಅಣ್ಣಾ? ಅಲ್ಲಿ ಏನು ಮಾಡುತ್ತಿತ್ತು? ಜೊತೆಗೆ ಬೇರೇನಿತ್ತು?’ ಎಂದು ಕೇಳಿ. ಉತ್ತರ ತಿಳಿಯದಿದ್ದರೆ ಕೀಟಶಾಲೆ ಮಾಡಿ: ಬಕೆಟ್ಟಿನಲ್ಲಿ ಒಂದು ಭತ್ತದ ಬುಡ ನೆಟ್ಟು, ಸೊಳ್ಳೆಪರದೆಯ ಬಟ್ಟೆ ಕಟ್ಟಿ, ಹತ್ತು ಜಿಗಿಹುಳು ಮತ್ತು ಒಂದು ಜೇಡ ಬಿಡಿ. ಪಕ್ಕದಲ್ಲಿ ಜೇಡವಿಲ್ಲದ ಇನ್ನೊಂದು ಬಕೆಟ್ ಇರಲೇಬೇಕು, ಇಲ್ಲದಿದ್ದರೆ ಹುಳು ತಾನಾಗಿ ಸತ್ತಿತೋ ಜೇಡ ತಿಂದಿತೋ ಗೊತ್ತಾಗುವುದಿಲ್ಲ. ಮರುದಿನ ರೈತರೇ ಎಣಿಸಲಿ.

ಪಾಠಶಾಲೆಗೂ ಮಿತಿಯಿದೆ. ಒಬ್ಬ ರೈತನಿಗೆ ತಗಲುವ ಖರ್ಚು ಹೆಚ್ಚು, ಕಲಿಕೆ ಬದು ದಾಟುವುದೂ ಕಡಿಮೆ. ಇಂಡೋನೇಷ್ಯಾದ ಬಗ್ಗೆ ವಿಶ್ವಬ್ಯಾಂಕ್ ಸಂಶೋಧಕರು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಲಿತವರಿಂದ ನೆರೆಯವರಿಗೆ ಜ್ಞಾನ ಹರಡಿದ್ದು ಕಾಣಲಿಲ್ಲ. ತಳಿಯ ಹೆಸರನ್ನು ಚಹಾದಂಗಡಿಯಲ್ಲಿ ಹೇಳಿ ದಾಟಿಸಬಹುದು, ಬುಡ ಸರಿಸಿ ನೋಡುವ ಕಣ್ಣನ್ನು ಹಾಗೆ ದಾಟಿಸಲಾಗದು.

ಆದ್ದರಿಂದ ಹಂಗಾಮಿನ ಕೊನೆಗೆ ನಾನು ಎರಡನ್ನೂ ಜೋಡಿಸುತ್ತೇನೆ. ಅದೇ ಎರಡು ತಾಕುಗಳ ಮುಂದೆ ಕ್ಷೇತ್ರೋತ್ಸವ, ವಾರದ ಚಿತ್ರಗಳನ್ನು ಹಗ್ಗಕ್ಕೆ ಸಾಲಾಗಿ ತೂಗುಹಾಕುವುದು, ಪ್ರತಿ ಹಾಳೆಯ ಬಳಿ ಅದನ್ನು ಬರೆದ ಗುಂಪು. ನೆರೆಯೂರಿನವರು ‘22 ಹುಳುವಿದ್ದರೂ ಏಕೆ ಹೊಡೆಯಲಿಲ್ಲ?’ ಎಂದು ಕೇಳುವುದು ಖಂಡಿತ. ಉತ್ತರವನ್ನು ಆ ಗುಂಪಿನವರೇ ಕೊಡಲಿ, ವಿದ್ಯಾರ್ಥಿಗಳು ಹಿಂದೆ ನಿಂತು ಕೇಳಿ ಬರೆದುಕೊಳ್ಳಲಿ.